ಟೀ ಬಿಸಿ, ಜೋಕು ತಣ್ಣಗೆ!

ಬೆಂಗಳೂರಿನ ಒಂದು ಕಾಲೇಜಿನ ಗೇಟಿನೆದುರು ನಮ್ಮ ಹುಡುಗನೊಬ್ಬ ಟೀ ಅಂಗಡಿ ಇಟ್ಟಿದ್ದಾನೆ. ಒಂದು ಸ್ಟೌ, ಎರಡು ಫ್ಲಾಸ್ಕು, ಬನ್ನಿನ ಡಬ್ಬ, ಪಕ್ಕದಲ್ಲೊಂದು ಕರಿಹಲಗೆ. ಹಲಗೆಯ ಮೇಲೆ ದಿನಕ್ಕೊಂದು ಚಟಾಕಿ ಬರೆದರೆ ಹುಡುಗರು ಮುಗಿಬೀಳುತ್ತಾರೆ ಅಂತ ಯಾರೋ ತಲೆಗೆ ತುಂಬಿದ್ದರು. ಮೊದಲ ದಿನ ಬರೆದ: ‘ನಮ್ಮಲ್ಲಿ ಪ್ರೀ-ಟೀ ಸಿಗುತ್ತದೆ’. ಒಬ್ಬನೂ ನಗಲಿಲ್ಲ. ಒಬ್ಬ ಮಾತ್ರ ‘ಫ್ರೀ ಟೀನಾ ಅಣ್ಣಾ?’ ಅಂತ ಕೇಳಿದ. ಅಲ್ಲ ಅಂದದ್ದಕ್ಕೆ ಮುಖ ಸಿಂಡರಿಸಿ ಎದುರಿನ ಅಂಗಡಿಗೆ ಹೋದ!

ತಪ್ಪೆಲ್ಲಿ? ಇಂಗ್ಲಿಷಿನಲ್ಲಿ ‘ಟೀ’ ಎಂದು ಮುಗಿಯುವ ಪದ ಕಂಡಲ್ಲೆಲ್ಲ ಚಹಾ ಸುರಿಯುವುದು ಹಳೇ ಆಟ. ಅದನ್ನೇ ಕನ್ನಡದ ‘ಪ್ರೀತಿ’ಗೆ ಅಂಟಿಸಿದರೆ ಅಂಟುವುದಿಲ್ಲ. ‘ತ’ ಹೇಳುವಾಗ ನಾಲಗೆ ಹಲ್ಲಿಗೆ ತಾಗುತ್ತದೆ, ‘ಟ’ ಹೇಳುವಾಗ ಮೇಲಕ್ಕೆ ಮಡಚುತ್ತದೆ. ನಮ್ಮ ಕಿವಿಗೆ ಇವೆರಡು ಬೇರೆ ಬೇರೆ ಅಕ್ಷರ. ‘ಪ್ರೀಟೀ’ ಎಂದು ಕೇಳಿದವನಿಗೆ ಪ್ರೀತಿ ನೆನಪಾಗುವುದಿಲ್ಲ, ಬರೆದವನಿಗೆ ಕನ್ನಡ ಬರುವುದಿಲ್ಲವೇನೋ ಎನಿಸುತ್ತದೆ. ಅದೇ ‘ಭೇಟಿ’ ತೆಗೆದುಕೊಳ್ಳಿ, ‘ಸಾಟಿ’ ತೆಗೆದುಕೊಳ್ಳಿ. ಅಲ್ಲಿ ‘ಟಿ’ ಮೊದಲೇ ಕೂತಿದೆ. ‘ದಿನಾ ಸಂಜೆ ಇಲ್ಲೇ ಭೇಟೀ!’ ಎಂದರೆ ಅಡ್ಡಗೆರೆ ಎಳೆದು ತೋರಿಸಬೇಕಾಗಿಲ್ಲ. ಕೊನೆಯ ದೀರ್ಘವನ್ನೂ ಕಿವಿ ಸಹಿಸುತ್ತದೆ. ಗೆಳೆಯನನ್ನು ಕೂಗುವಾಗ ನಾವೇ ಹಾಗೆ ಎಳೆಯುತ್ತೇವಲ್ಲ!

ಹಾಗಂತ ‘ಟಿ’ ಇದ್ದರೆ ಸಾಕೇ? ನಮ್ಮ ಹುಡುಗ ಹುರುಪಿನಲ್ಲಿ ‘ರುಚಿಯ ಲೂಟೀ’ ಎಂದು ಬರೆದ. ಸದ್ದು ಸರಿಯಾಗಿತ್ತು. ಆದರೆ ಅದೇ ವಾರ ಹಾಲಿನ ಬೆಲೆ ಏರಿತೆಂದು ಲೋಟಕ್ಕೆ ಎರಡು ರೂಪಾಯಿ ಹೆಚ್ಚಿಸಿದ್ದ. ‘ನೀನೇ ಒಪ್ಪಿಕೊಂಡೆಯಲ್ಲಪ್ಪ’ ಎಂದು ಗಿರಾಕಿಗಳು ಆಡಿಕೊಂಡರು. ಶ್ಲೇಷೆಗೆ ಎರಡು ಅರ್ಥ. ಎರಡನೆಯದು ಅಂಗಡಿಯವನ ಕೊರಳಿಗೇ ಸುತ್ತಿಕೊಂಡರೆ ನಗುವ ಸರದಿ ಬೇರೆಯವರದು.

ಇದಕ್ಕಿಂತ ಕೆಟ್ಟದ್ದು ಮೂರನೆಯದು: ‘ಹೆಂಡ-ಟೀ’. ಹೆಂಡತಿಯಲ್ಲಿ ಹೆಂಡ ಹುಡುಕುವ ಸವಕಲು ಜೋಕಿಗೆ ಟೀ ಬೆರೆಸಿದ್ದ. ಇಲ್ಲಿ ‘ತ’ಕಾರದ ತಪ್ಪೂ ಇದೆ, ಮರ್ಯಾದೆಯ ತಪ್ಪೂ ಇದೆ. ಸಂಜೆ ಕ್ಲಾಸು ಬಿಟ್ಟ ಮೇಲೆ ನಿಂತು ಟೀ ಕುಡಿಯುತ್ತಿದ್ದ ಹೆಣ್ಣುಮಕ್ಕಳ ಗುಂಪು ಎದುರಿನ ಅಂಗಡಿಗೆ ಹೋಯಿತು. ಯಾರೂ ಜಗಳ ಆಡಲಿಲ್ಲ, ಸುಮ್ಮನೆ ಬರುವುದು ಬಿಟ್ಟರು. ರಾತ್ರಿ ಗಲ್ಲಾ ಎಣಿಸುವಾಗ ಹುಡುಗನಿಗೆ ಅರ್ಥವಾಯಿತು. ಜೋಕು ಸೋತಾಗ ಬೈಗುಳ ಕೇಳಿಸುವುದಿಲ್ಲ ಸ್ವಾಮಿ, ಫ್ಲಾಸ್ಕಿನಲ್ಲಿ ಟೀ ಉಳಿಯುತ್ತದೆ.

ಇಂಗ್ಲಿಷ್ ಸೋಕಲೇಬಾರದು ಎಂಬ ಮಡಿ ನಮಗಿಲ್ಲ. ಕೈಲಾಸಂ ಎರಡೂ ಭಾಷೆ ಬೆರೆಸಿಯೇ ನಾಡನ್ನು ನಗಿಸಿದರು. ವೈಎನ್ಕೆ ಪನ್ನಿಗೇ ಹೆಸರಾದರು. ಬೆರೆತದ್ದು ನಮ್ಮ ಬಾಯಲ್ಲಿ ಪಳಗಿರಬೇಕು, ಅಷ್ಟೆ. ಒಂದು ಟೀ ಇಬ್ಬರಿಗೆ ಹಂಚುವ ‘ಬೈಟು’ ಹುಟ್ಟಿನಿಂದ ಇಂಗ್ಲಿಷ್, ಬೆಳೆದದ್ದು ನಮ್ಮ ಹೋಟೆಲಿನ ಕಟ್ಟೆಯ ಮೇಲೆ. ಅದರೊಳಗೆ ‘ಬೈ’ ಕೂತಿದೆ ನೋಡಿ. ‘ಬೈದರೂ ಬೈಟು ಕೊಡ್ತೀವಿ’ ಎಂದು ಬರೆದ ದಿನ ಮೊದಲ ಬಾರಿಗೆ ಹಲಗೆಯ ಮುಂದೆ ನಗು ಕೇಳಿಸಿತು. ಬೈಟು ಕೊಡುವುದೂ ನಿಜ, ಗಿರಾಕಿ ಬೈಯುವುದೂ ನಿಜ. ಎರಡೂ ಅರ್ಥ ಅಂಗಡಿಯಲ್ಲೇ ಇದ್ದವು.

ಸಾಲದ ಕಾಟಕ್ಕೂ ನಗೆಯೇ ಮದ್ದಾಯಿತು. ‘ಸಾಲ ಇಲ್ಲ’ ಎಂಬ ಬಿರುಸು ಅಳಿಸಿ ‘ನಗ್ತಾ ನಗದು ಕೊಡಿ’ ಎಂದು ಬರೆದ. ನೊಂದುಕೊಳ್ಳದೆ ಚಿಲ್ಲರೆ ತೆಗೆದರು. ಆದರೆ ಒಬ್ಬ ವಿದ್ಯಾರ್ಥಿ ‘ಫೋನಲ್ಲಿ ಹಾಕಿದರೆ ಆಗಲ್ವಾ?’ ಎಂದು ಕೇಳಿ ವಾಪಸು ಹೊರಟ. ಹುಡುಗ ಓಡಿಹೋಗಿ ಕರೆತಂದು, ಹಲಗೆಯ ಕೆಳಗೆ ‘ಫೋನಿನಲ್ಲೂ ಕೊಡಬಹುದು’ ಎಂದು ಸೇರಿಸಿದ. ಮಾತು ನಗಿಸಿದರೂ ಲೆಕ್ಕ ತಪ್ಪಿಸಬಾರದು.

2024ರ ತಿದ್ದುಪಡಿ ಅಂಗಡಿ ಫಲಕದ 60%ರಷ್ಟು ಕನ್ನಡ ಇರಬೇಕೆಂದಿದೆ. ಇಂಗ್ಲಿಷ್ ಜೋಕನ್ನೇ ಕನ್ನಡ ಅಕ್ಷರಕ್ಕಿಳಿಸಿದರೂ ಅಳತೆಪಟ್ಟಿ ಒಪ್ಪೀತು, ಕಿವಿ ಒಪ್ಪುವುದಿಲ್ಲ. ಆದ್ದರಿಂದ ಗೆಳೆಯರೇ, ಸೀಮೆಸುಣ್ಣ ಹಿಡಿಯುವ ಮೊದಲು ಹಲಗೆ ತೋರಿಸದೆ ಸಾಲನ್ನು ಒಬ್ಬರಿಗೆ ಓದಿ ಹೇಳಿ. ಬಿಡಿಸಿ ಹೇಳಬೇಕಾಗಿ ಬಂದರೆ ಅಳಿಸಿಬಿಡಿ. ನಕ್ಕರೆ ಬರೆಯಿರಿ, ಮೂರು ದಿನಕ್ಕೆ ಬದಲಿಸಿ. ಅದೇ ಗಿರಾಕಿ ಅದೇ ಜೋಕನ್ನು ವಾರವಿಡೀ ಓದಬೇಕೆಂದರೆ ಅದು ಮತ್ತೆ ಮತ್ತೆ ಕಾಯಿಸಿದ ಟೀ. ಕಹಿ ಬಂದೇ ಬರುತ್ತದೆ!