ತಾಲೂಕಿಗೆ ಎರಡೇ ಗೊಬ್ಬರ ಡಿಪೋ: ಒಂದು ಕಸಬಾದಲ್ಲೇ ಇರಬೇಕಾ?

ಮುಂಗಾರು ಶುರುವಾದ್ರೆ ಯೂರಿಯಾ ಸಾಲು ಶುರು. ಒಂದು ಚೀಲದ ತೂಕ 45 ಕೆ.ಜಿ. ಅದನ್ನು ತರೋಕೆ ರೈತ ಅರ್ಧ ದಿನದ ಕೆಲಸ ಬಿಟ್ಟು, ಆಟೋ ಬಾಡಿಗೆ ಕೊಟ್ಟು ಪೇಟೆಗೆ ಬರಬೇಕು. ಹಾಗಾಗಿ ತಾಲೂಕಿನಲ್ಲಿ ಎರಡು ಡಿಪೋ ತೆರೆಯುವ ಮಾತು ಬಂದಾಗಲೆಲ್ಲ ಜಾಗದ ಜಗಳವೂ ಜತೆಗೇ ಬರುತ್ತದೆ. "ಒಂದಂತೂ ಕಸಬಾದಲ್ಲೇ ಇರ್ಲಿ, ಇನ್ನೊಂದು ಆಮೇಲೆ ನೋಡೋಣ" ಅನ್ನೋದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಲೆಕ್ಕ ಹಾಕಿದರೆ ಎಡವಟ್ಟಾಗೋದೂ ಅಲ್ಲೇ.

ಈ ಲೆಕ್ಕಕ್ಕೆ ಪಿ-ಮೀಡಿಯನ್ ಅಂತ ಹೆಸರು. ಪ್ರತಿ ಊರಿಗೆ ಬೇಕಾದ ಚೀಲವನ್ನು, ಆ ಊರಿಂದ ಹತ್ತಿರದ ಡಿಪೋಗೆ ಇರುವ ಕಿಲೋಮೀಟರಿನಿಂದ ಗುಣಿಸಬೇಕು. ಎಲ್ಲ ಊರಿನದ್ದನ್ನೂ ಕೂಡಿಸಬೇಕು. ಮೊತ್ತ ಯಾವ ಜೋಡಿಗೆ ಕಡಿಮೆಯೋ ಆ ಜೋಡಿಯೇ ಸರಿ. ಡಿಪೋವನ್ನು ನಡುರಸ್ತೆಯಲ್ಲಿ ಹುಡುಕುವ ಅಗತ್ಯವಿಲ್ಲ, ಊರು ಅಥವಾ ರಸ್ತೆ ಕೂಡುವ ಜಾಗಗಳನ್ನು ನೋಡಿದರೆ ಸಾಕು ಎಂದು ಹಕೀಮಿ ಎಂಬ ವಿದ್ವಾಂಸರು 1960ರ ದಶಕದಲ್ಲೇ ತೋರಿಸಿದ್ದಾರೆ.

ಒಂದೇ ರಸ್ತೆಯ ಮೇಲೆ ಐದು ಊರು ಇವೆ ಎಂದುಕೊಳ್ಳಿ. ಹೆಸರು, ಅಂಕಿ ಎರಡೂ ಲೆಕ್ಕ ತೋರಿಸೋಕೆ ಇಟ್ಟುಕೊಂಡವು. ಕೆರೆಕೋಡಿಯಿಂದ ಮಾವಿನತೋಪಿಗೆ 10 ಕಿ.ಮೀ., ಅಲ್ಲಿಂದ ಕಸಬಾಕ್ಕೆ 8, ಕಸಬಾದಿಂದ ಸಂತೆಮಾಳಕ್ಕೆ 10, ಅಲ್ಲಿಂದ ಗಡಿಹಳ್ಳಿಗೆ 12. ಕೆರೆಕೋಡಿ, ಮಾವಿನತೋಪು, ಸಂತೆಮಾಳಕ್ಕೆ ತಲಾ 3,000 ಚೀಲ ಬೇಕು. ಕಸಬಾ, ಗಡಿಹಳ್ಳಿಗೆ ತಲಾ 2,000.

ಡಿಪೋ ಒಂದೇ ಆದರೆ ಕಸಬಾವೇ ಗೆಲ್ಲುತ್ತದೆ. ಅಲ್ಲಿಟ್ಟರೆ ಒಟ್ಟು 1,52,000 ಚೀಲ-ಕಿಲೋಮೀಟರ್, ಬೇರೆ ಎಲ್ಲಿಟ್ಟರೂ ಇದಕ್ಕಿಂತ ಜಾಸ್ತಿ. ಕಸಬಾವನ್ನು ಕಾಯಂ ಮಾಡಿ ಎರಡನೆಯದನ್ನು ಹುಡುಕಿದರೆ ಕೆರೆಕೋಡಿ ಸಿಗುತ್ತದೆ, ಮೊತ್ತ 98,000ಕ್ಕೆ ಇಳಿಯುತ್ತದೆ. ಭಾರಿ ಉಳಿತಾಯ ಆಯ್ತು ಅಂತ ಇಲ್ಲಿಗೇ ಫೈಲು ಮುಚ್ಚಬಹುದು.

ಆದರೆ ಐದು ಊರಲ್ಲಿ ಎರಡನ್ನು ಆರಿಸೋಕೆ ಹತ್ತೇ ದಾರಿ. ಹತ್ತನ್ನೂ ಹಾಕಿ ನೋಡಿದರೆ ಮಾವಿನತೋಪು ಮತ್ತು ಸಂತೆಮಾಳದ ಜೋಡಿ ಮುಂದೆ ಬರುತ್ತದೆ. ಕೆರೆಕೋಡಿಯವರು 10 ಕಿ.ಮೀ. ಬರಬೇಕು: 30,000. ಕಸಬಾದವರು ಮಾವಿನತೋಪಿಗೆ 8 ಕಿ.ಮೀ. ಹೋಗಬೇಕು: 16,000. ಗಡಿಹಳ್ಳಿಯವರು ಸಂತೆಮಾಳಕ್ಕೆ 12 ಕಿ.ಮೀ.: 24,000. ಒಟ್ಟು 70,000. ಒಂದೇ ಡಿಪೋಗೆ ಬೆಸ್ಟ್ ಆಗಿದ್ದ ಕಸಬಾ ಎರಡರ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ನಡುವೆ ಒಂದನ್ನು ಕೂರಿಸಿದರೆ ಎರಡನೆಯದು ಒಂದೇ ತುದಿಗೆ ನೆರವಾಗುತ್ತದೆ, ಇನ್ನೊಂದು ತುದಿಯ ಗಡಿಹಳ್ಳಿಗೆ 22 ಕಿ.ಮೀ. ತಪ್ಪುವುದಿಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೇ ಆರಿಸಬೇಕು.

ಕಸಬಾದ ಅಂಗಡಿಯವರಿಗೆ ಇದು ರುಚಿಸದೇ ಇರಬಹುದು. ಮಾರಾಟದ ಪುಸ್ತಕ ತೆಗೆದು "ಅರ್ಧಕ್ಕಿಂತ ಹೆಚ್ಚು ಗೊಬ್ಬರ ಹೋಗೋದೇ ನಮ್ಮಲ್ಲಿಂದ" ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಚೀಲ ಎಲ್ಲಿ ಮಾರಿತು ಅನ್ನೋದು ಬೇರೆ, ಯಾವ ಹೊಲಕ್ಕೆ ಹೋಯಿತು ಅನ್ನೋದು ಬೇರೆ. ಅದೇ 13,000 ಚೀಲವನ್ನು ಮಾರಾಟದ ಪ್ರಕಾರ ಕಸಬಾಕ್ಕೆ 9,000, ಉಳಿದ ನಾಲ್ಕಕ್ಕೆ ತಲಾ 1,000 ಎಂದು ಬರೆದರೆ ಲೆಕ್ಕ ಕಸಬಾ-ಗಡಿಹಳ್ಳಿ ಜೋಡಿಯನ್ನು ಆರಿಸುತ್ತದೆ. ನಿಜವಾದ ಬೇಡಿಕೆಗೆ ಆ ಜೋಡಿಯ ಮೊತ್ತ 1,08,000. ಹಳ್ಳಿಯಲ್ಲಿ ಡಿಪೋ ಇಲ್ಲ ಅಂತ ಜನ ಕಸಬಾಕ್ಕೆ ಬಂದರು, ಜನ ಬಂದರು ಅಂತ ಡಿಪೋ ಮತ್ತೆ ಕಸಬಾಕ್ಕೇ ಬಂತು. ಇದನ್ನು ತಪ್ಪಿಸಬೇಕಾದರೆ ಬಿಲ್ ಪುಸ್ತಕದ ಬದಲು ಬೆಳೆ ಸಮೀಕ್ಷೆಯ ಎಕರೆ ಹಿಡಿದು ಊರುವಾರು ಬೇಡಿಕೆ ಬರೆಯಬೇಕು. ದೂರವನ್ನೂ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯಬಾರದು, ರಸ್ತೆಯಲ್ಲೇ ಅಳೆಯಬೇಕು. ನಡುವೆ ಸೇತುವೆ ಇಲ್ಲದ ಹಳ್ಳ ಇದ್ದರೆ ಎರಡಕ್ಕೂ ಅಜಗಜಾಂತರ.

ಗೋದಾಮಿನ ಅಳತೆಯನ್ನೂ ಈ ಲೆಕ್ಕ ಕೇಳುವುದಿಲ್ಲ. ಮಾವಿನತೋಪಿನ ಪಾಲಿಗೆ 8,000 ಚೀಲ ಬಂದಿದೆ. ಅಲ್ಲಿ 6,000 ಮಾತ್ರ ಹಿಡಿಯುವುದಾದರೆ ಕಸಬಾದವರನ್ನು ಸಂತೆಮಾಳಕ್ಕೆ ಕಳಿಸಬೇಕು. ಆಗ ಮೊತ್ತ 74,000. ಇದು ದೊಡ್ಡ ನಷ್ಟವೇನಲ್ಲ.

ನಿಜವಾಗಿ ಕಾಡುವುದು ಬೇರೆ. ಗಡಿಹಳ್ಳಿಯಿಂದ ಇನ್ನೂ 15 ಕಿ.ಮೀ. ಆಚೆ 300 ಚೀಲ ಬೇಕಾದ ಒಂದು ತಾಂಡಾ ಇದೆ ಎನ್ನಿ. ಅದನ್ನು ಸೇರಿಸಿ ಹೊಸದಾಗಿ ಹಾಕಿದರೂ ಗೆಲ್ಲುವುದು ಅದೇ ಜೋಡಿ, 78,100ಕ್ಕೆ. ತಾಂಡಾದವರು 27 ಕಿ.ಮೀ. ಬರಬೇಕು. ಸಂತೆಮಾಳದ ಡಿಪೋವನ್ನು ಗಡಿಹಳ್ಳಿಗೆ ಸರಿಸಿದರೆ ಅವರಿಗೆ 15 ಸಾಕು, ಆದರೆ ಒಟ್ಟು 86,500 ಆಗುತ್ತದೆ. ಮೊತ್ತ ಕಡಿಮೆ ಮಾಡುವುದಷ್ಟೇ ಈ ಲೆಕ್ಕಕ್ಕೆ ಗೊತ್ತು, ಕಡಿಮೆ ಚೀಲದ ಊರು ಅದರ ಕಣ್ಣಿಗೆ ಬೀಳುವುದು ಕಷ್ಟ. "ಯಾವ ಊರಿಗೂ 20 ಕಿ.ಮೀ. ಮೀರಬಾರದು" ಅಂತ ಷರತ್ತು ಬೇಕಿದ್ದರೆ, ಲೆಕ್ಕಕ್ಕೆ ಕೂರುವ ಮೊದಲೇ ಸಭೆಯಲ್ಲಿ ಬರೆಸಿಕೊಳ್ಳಬೇಕು. ಜಾಗ ಘೋಷಣೆಯಾದ ಮೇಲೆ ತಾಂಡಾದವರ ಅರ್ಜಿಗೆ ಸಿಗುವ ಉತ್ತರ ಆ 78,100 ಮಾತ್ರ.