ಇಸಬಗೋಲು: ಔಷಧದ ಅರ್ಧಭಾಗ ನೀರು

ಆಯುರ್ವೇದದಲ್ಲಿ ಅನುಪಾನಕ್ಕೆ ವಿಶೇಷ ಸ್ಥಾನವಿದೆ. ಔಷಧವನ್ನು ಜೇನಿನೊಡನೆ ಸೇವಿಸಬೇಕೋ, ತುಪ್ಪದೊಡನೆಯೋ, ಬಿಸಿನೀರಿನೊಡನೆಯೋ ಎಂಬುದನ್ನು ವೈದ್ಯನು ಔಷಧ ಕೊಡುವಾಗಲೇ ತಿಳಿಸುತ್ತಾನೆ. ಅನುಪಾನ ತಪ್ಪಿದರೆ ಸಾಮಾನ್ಯವಾಗಿ ಔಷಧದ ಗುಣ ಕುಂದುತ್ತದೆ, ಅಷ್ಟೆ. ಇಸಬಗೋಲಿನ ವಿಷಯ ಹಾಗಲ್ಲ. ಇಲ್ಲಿ ಅನುಪಾನವಾದ ನೀರು ಸಾಲದೆ ಹೋದರೆ, ಮಲಬದ್ಧತೆಯನ್ನು ಕಳೆಯಬೇಕಾದ ಪದಾರ್ಥವೇ ಗಂಟಲನ್ನೋ ಅನ್ನನಾಳವನ್ನೋ ಕಟ್ಟಿಬಿಡುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಅರ್ಧ ಲೋಟ ಹಾಲಿನಲ್ಲಿ ಇಸಬಗೋಲನ್ನು ಕಲಸಿ ನುಂಗಿ ಹಾಸಿಗೆಗೆ ಹೋಗುವ ರೂಢಿಯನ್ನು ನಮ್ಮ ಹಿರಿಯರು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇನೆ.

ಇಸಬಗೋಲು ಎಂಬುದು ಪರ್ಷಿಯನ್ ಮೂಲದ ಹೆಸರು. ಕುದುರೆಯ ಕಿವಿಯನ್ನು ಹೋಲುವ ಬೀಜದ ಆಕಾರದಿಂದ ಈ ಹೆಸರು ಬಂದಿದೆ. ಯುನಾನಿ ವೈದ್ಯರ ಬಳಕೆಯಿಂದ ಇದು ನಮ್ಮ ದೇಶದಲ್ಲಿ ಮನೆಮಾತಾಯಿತು. ಚಳಿಗಾಲದ ಬೆಳೆಯಾದ ಇದನ್ನು ಗುಜರಾತ್ ಮತ್ತು ರಾಜಸ್ಥಾನದ ಒಣಭೂಮಿಯಲ್ಲಿ ಹೆಚ್ಚಾಗಿ ಬೆಳೆಯುತ್ತಾರೆ. ಗುಜರಾತಿನ ಉಂಝಾ ಪಟ್ಟಣ ಇದರ ದೊಡ್ಡ ಮಾರುಕಟ್ಟೆ. ನಾವು ಸೇವಿಸುವುದು ಬೀಜವನ್ನಲ್ಲ, ಬೀಜದ ಮೇಲಿನ ತೆಳುವಾದ ಬಿಳಿಯ ಸಿಪ್ಪೆಯನ್ನು. ಇಸಬಗೋಲಿನ ಗುಣವೂ ಅಪಾಯವೂ ಈ ಸಿಪ್ಪೆಯಲ್ಲಿಯೇ ಇವೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಕಾಲು ಲೋಟ ನೀರಿಗೆ ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಸಿಪ್ಪೆಯನ್ನು ಹಾಕಿ ಕಲಕಿ, ಹತ್ತು ನಿಮಿಷ ಬಿಡಿರಿ. ನೀರು ಮಾಯವಾಗಿ ಗಟ್ಟಿಯಾದ ಲೋಳೆಯ ಮುದ್ದೆ ಉಳಿಯುತ್ತದೆ. ಲೋಟವನ್ನು ಬಗ್ಗಿಸಿದರೂ ಅದು ಸುಲಭವಾಗಿ ಇಳಿಯದು. ಅಷ್ಟೇ ಸಿಪ್ಪೆಯನ್ನು ತುಂಬಿದ ಲೋಟ ನೀರಿಗೆ ಹಾಕಿ ಆಗಲೇ ಕಲಕಿದರೆ, ಅದು ನೀರಿನೊಡನೆ ಸರಾಗವಾಗಿ ಗಂಟಲಿನಿಂದ ಇಳಿಯುತ್ತದೆ. ಉಬ್ಬುವ ಕೆಲಸವೆಲ್ಲ ಹೊಟ್ಟೆಯಲ್ಲಿಯೂ ಕರುಳಿನಲ್ಲಿಯೂ ನಡೆಯುತ್ತದೆ. ಒಣ ಸಿಪ್ಪೆಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುವವರು, ಈ ಮುದ್ದೆ ತಮ್ಮ ಅನ್ನನಾಳದಲ್ಲಿಯೇ ಕಟ್ಟಿಕೊಳ್ಳಲು ದಾರಿ ಮಾಡಿಕೊಟ್ಟಂತಾಗುತ್ತದೆ.

ಕರುಳಿನಲ್ಲಿ ಈ ಲೋಳೆ ಮಾಡುವ ಉಪಕಾರ ಸರಳವಾದುದು. ಅದು ಜೀರ್ಣವಾಗದೆ, ನೀರನ್ನು ಹಿಡಿದಿಟ್ಟುಕೊಂಡು ಮಲದೊಡನೆ ಬೆರೆಯುತ್ತದೆ. ಮಲವು ಮೃದುವಾಗಿ, ಗಾತ್ರದಲ್ಲಿ ಹೆಚ್ಚಿ, ಕರುಳಿನ ಸಹಜ ಚಲನೆಗೆ ಒಳಗಾಗುತ್ತದೆ. ಇದು ಸೋನಾಮುಖಿಯಂತೆ ಕರುಳನ್ನು ಕೆರಳಿಸುವ ವಿರೇಚಕವಲ್ಲ. ಆದುದರಿಂದ ರಾತ್ರಿ ಸೇವಿಸಿದರೆ ಬೆಳಿಗ್ಗೆಯೇ ಫಲ ಬರಬೇಕೆಂಬ ನಿಯಮವಿಲ್ಲ. ಫಲ ಕಾಣಲು ಅರ್ಧ ದಿನದಿಂದ ಮೂರು ದಿನ ಬೇಕಾಗಬಹುದು. ಇದನ್ನು ಅರಿತರೆ ರಾತ್ರಿಯೇ ಸೇವಿಸಬೇಕೆಂಬ ಹಟಕ್ಕೆ ಆಧಾರವಿಲ್ಲವೆಂಬುದೂ ತಿಳಿಯುತ್ತದೆ. ಒಂದೇ ದಿನದಲ್ಲಿ ಗುಣ ಕಾಣಲಿಲ್ಲವೆಂದು ಮರುದಿನ ಪ್ರಮಾಣವನ್ನು ಇಮ್ಮಡಿಗೊಳಿಸುವುದೂ ತಪ್ಪು.

ನನ್ನ ಚಿಕಿತ್ಸಾಲಯಕ್ಕೆ ಬಂದ ಎಪ್ಪತ್ತೊಂದು ವರ್ಷದ ಒಬ್ಬ ನಿವೃತ್ತ ಶಿಕ್ಷಕಿಯ ಉದಾಹರಣೆಯನ್ನು ಹೇಳಬಹುದು. ಅವರಿಗೆ ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೂರೂ ಇದ್ದವು; ಜೊತೆಗೆ ಮಲಬದ್ಧತೆ. ಯಾರೋ ಹೇಳಿದರೆಂದು ಇಸಬಗೋಲನ್ನು ಆರಂಭಿಸಿದ್ದರು. ರಾತ್ರಿ ಹತ್ತು ಗಂಟೆಗೆ ಎರಡು ದೊಡ್ಡ ಚಮಚ ಸಿಪ್ಪೆಯನ್ನು ಅರ್ಧ ಲೋಟ ಹಾಲಿನಲ್ಲಿ ಹಾಕಿ, ಚೆನ್ನಾಗಿ ನೆನೆಯಲೆಂದು ಬಿಟ್ಟು, ಅದು ಗಂಜಿಯಂತಾದ ಮೇಲೆ ಚಮಚದಿಂದ ತಿಂದು ಮಲಗುತ್ತಿದ್ದರು. ಹೆಚ್ಚು ನೀರು ಕುಡಿದರೆ ರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ, ಕತ್ತಲಲ್ಲಿ ಬಿದ್ದೇನೆಂಬ ಭಯ. ಒಂದು ರಾತ್ರಿ ಎದೆಯ ನಡುವೆ ಏನೋ ನಿಂತಂತಾಯಿತು. ನೀರು ಕುಡಿದರೆ ಹಾಗೆಯೇ ಹೊರಗೆ ಬಂದಿತು. ಸ್ವಲ್ಪ ಹೊತ್ತಿನಲ್ಲಿ ಜೊಲ್ಲನ್ನೂ ನುಂಗಲಾಗಲಿಲ್ಲ. ಮನೆಯವರು ಹೃದಯಾಘಾತವೆಂದು ಹೆದರಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎಂಡೋಸ್ಕೋಪಿಯ ಮೂಲಕ ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದ ಲೋಳೆಯ ಗಡ್ಡೆಯನ್ನು ತೆಗೆದರು.

ಆ ತಾಯಿಯ ನಡವಳಿಕೆಯಲ್ಲಿ ಅಸಾಮಾನ್ಯವಾದುದು ಏನೂ ಇರಲಿಲ್ಲ. ವಯಸ್ಸಾದಂತೆ ಬಾಯಿ ಒಣಗುವುದು, ನುಂಗುವ ವೇಗ ಕುಂದುವುದು ಸಾಮಾನ್ಯ. ಮಲಗಿದಾಗ ಅನ್ನನಾಳದಲ್ಲಿ ಉಳಿದ ಪದಾರ್ಥವು ತನ್ನ ಭಾರದಿಂದ ಕೆಳಗಿಳಿಯುವುದಿಲ್ಲ. ಇದಕ್ಕೆ ರಾತ್ರಿ ನೀರು ಕುಡಿಯಲು ಹಿಂಜರಿಯುವುದು ಸೇರಿದರೆ, ಅಪಾಯಕ್ಕೆ ಬೇಕಾದುದೆಲ್ಲ ಒಂದೆಡೆ ಕೂಡಿದಂತೆಯೇ. ಹಿರಿಯರಿಗೆ ‘ಹೆಚ್ಚು ನೀರು ಕುಡಿಯಿರಿ’ ಎಂದು ಹೇಳಿದರೆ ಸಾಲದು. ನಿರ್ಭಯವಾಗಿ ನೀರು ಕುಡಿಯಬಹುದಾದ ಹೊತ್ತಿಗೆ ಔಷಧದ ವೇಳೆಯನ್ನೇ ಬದಲಾಯಿಸಬೇಕು.

ಸೇವನೆಯ ಕ್ರಮ ಹೀಗಿರಲಿ. ಮೊದಲ ಕೆಲವು ದಿನ ಒಂದು ಚಹಾ ಚಮಚ, ಅಂದರೆ ಸುಮಾರು 2 ಗ್ರಾಂ ಸಿಪ್ಪೆ ಸಾಕು. ಹೊಟ್ಟೆಯುಬ್ಬರವಿಲ್ಲದಿದ್ದರೆ ಕ್ರಮೇಣ ಒಂದು ದೊಡ್ಡ ಚಮಚಕ್ಕೆ, ಅಂದರೆ ಸುಮಾರು 5 ಗ್ರಾಂಗೆ ಏರಿಸಬಹುದು. ಸಿಪ್ಪೆಯನ್ನು ಪುಡಿ ಮಾಡಿ ಮಾರುವ ಬಗೆ ಅದೇ ಚಮಚದಲ್ಲಿ ಹೆಚ್ಚು ತೂಗುವುದರಿಂದ ಅದನ್ನು ಇನ್ನೂ ಕಡಿಮೆ ಹಾಕಬೇಕು. ಕನಿಷ್ಠ 250 ಮಿಲಿಲೀಟರ್ ನೀರಿಗೆ ಸಿಪ್ಪೆಯನ್ನು ಹಾಕಿ, ಕಲಕಿ, ಗಟ್ಟಿಯಾಗಲು ಬಿಡದೆ ಕುಳಿತುಕೊಂಡು ಕುಡಿಯಬೇಕು. ಅದರ ಹಿಂದೆಯೇ ಇನ್ನೊಂದು ಲೋಟ ನೀರು ಕುಡಿದರೆ ಉತ್ತಮ. ಲೋಟದಲ್ಲಿ ಗಟ್ಟಿಯಾಗಿಹೋದುದನ್ನು ಚಮಚದಿಂದ ತಿನ್ನಬಾರದು. ನೀರು ಸೇರಿಸಿ ತೆಳುವಾಗಿಸಬೇಕು, ಇಲ್ಲವೇ ಚೆಲ್ಲಬೇಕು. ಸೇವಿಸಿದ ಮೇಲೆ ಒಂದು ಗಂಟೆಯಾದರೂ ಮಲಗಕೂಡದು.

ಎರಡನೆಯ ಎಚ್ಚರಿಕೆ ಇತರ ಔಷಧಗಳ ಕುರಿತಾದದ್ದು. ಕರುಳಿನಲ್ಲಿ ಹರಡಿದ ಲೋಳೆಯು ಜೊತೆಯಲ್ಲಿ ನುಂಗಿದ ಗುಳಿಗೆಯನ್ನೂ ತನ್ನೊಳಗೆ ಸುತ್ತಿಕೊಳ್ಳುತ್ತದೆ; ಔಷಧವು ರಕ್ತಕ್ಕೆ ಸೇರುವುದು ತಡವಾಗಬಹುದು, ಕಡಿಮೆಯಾಗಲೂಬಹುದು. ಆದ್ದರಿಂದ ಇಸಬಗೋಲಿಗೂ ಬೇರೆ ಯಾವುದೇ ಔಷಧಕ್ಕೂ ನಡುವೆ ಎರಡು ಗಂಟೆಯ ಅಂತರವಿರಲಿ. ಥೈರಾಯ್ಡ್ ಗುಳಿಗೆಗಾದರೆ ನಾಲ್ಕು ಗಂಟೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಸೇವಿಸುವವರು ವೈದ್ಯರನ್ನು ಕೇಳದೆ ಇಸಬಗೋಲನ್ನು ಆರಂಭಿಸಬಾರದು. ಆಯುರ್ವೇದದ ಗುಳಿಗೆಗಳಿಗೂ ಈ ಅಂತರವನ್ನು ಪಾಲಿಸುವುದು ಲೇಸು.

ಮೇಲೆ ಹೇಳಿದ ಶಿಕ್ಷಕಿಯವರ ಅನ್ನನಾಳದಲ್ಲಿ ಬೇರೆ ದೋಷವಿಲ್ಲವೆಂದು ಆಸ್ಪತ್ರೆಯವರು ಖಚಿತಪಡಿಸಿದ ಮೇಲೆ ಅವರಿಗೊಂದು ದಿನಕ್ರಮವನ್ನು ಬರೆದುಕೊಟ್ಟೆನು. ಬೆಳಿಗ್ಗೆ ಆರೂವರೆಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ. ಎಂಟು ಗಂಟೆಗೆ ಉಪಾಹಾರದೊಡನೆ ರಕ್ತದೊತ್ತಡದ ಮತ್ತು ಸಕ್ಕರೆಯ ಗುಳಿಗೆ. ರಾತ್ರಿ ಎಂಟೂವರೆಗೆ ಊಟದೊಡನೆ ಸಕ್ಕರೆಯ ಎರಡನೆಯ ಗುಳಿಗೆ. ಈ ನಡುವೆ ಬಿಡುವಾಗಿ ಉಳಿಯುವುದು ಸಂಜೆಯ ಐದು ಗಂಟೆ. ಅದನ್ನೇ ಇಸಬಗೋಲಿಗೆ ಗೊತ್ತುಮಾಡಿದೆನು: ಒಂದು ಚಹಾ ಚಮಚ ಸಿಪ್ಪೆ, ತುಂಬಿದ ದೊಡ್ಡ ಲೋಟ ನೀರು, ಹಿಂದೆಯೇ ಮತ್ತೊಂದು ಲೋಟ. ಮಲಗುವುದು ಹತ್ತಕ್ಕಾದುದರಿಂದ ಮೂತ್ರಕ್ಕೆ ರಾತ್ರಿ ಪದೇ ಪದೇ ಏಳಬೇಕಾದ ಭಯವೂ ಕಡಿಮೆಯಾಯಿತು. ಮೂರನೆಯ ದಿನದಿಂದ ಮಲಪ್ರವೃತ್ತಿ ಸುಗಮವಾಯಿತು. ಮೊದಲಿಗಿಂತ ಬಹಳ ಕಡಿಮೆ ಸಿಪ್ಪೆ ಅವರಿಗೆ ಸಾಕಾಯಿತು. ಹೆಚ್ಚಿಸಬೇಕಾಗಿದ್ದುದು ನೀರನ್ನು ಮಾತ್ರ.

ಕೊಲೆಸ್ಟ್ರಾಲಿಗಾಗಿ ಇಸಬಗೋಲನ್ನು ಸೇವಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಇದರಲ್ಲಿ ಸತ್ಯಾಂಶವಿದೆ. ಲೋಳೆಯು ಕರುಳಿನಲ್ಲಿ ಪಿತ್ತದ ಲವಣಗಳನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹೊಸ ಪಿತ್ತವನ್ನು ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟ್ರಾಲನ್ನು ಸೆಳೆದುಕೊಳ್ಳುತ್ತದೆ. ಇದರಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲು ಶೇಕಡಾ 5ರಿಂದ 10ರಷ್ಟು ಇಳಿಯಬಹುದು. ಅದಕ್ಕೆ ದಿನಕ್ಕೆ ಸುಮಾರು 10 ಗ್ರಾಂ ಸಿಪ್ಪೆಯನ್ನು ಎರಡು ಪಾಲು ಮಾಡಿ, ಊಟದ ಹೊತ್ತಿಗೆ, ಪ್ರತಿ ಪಾಲಿಗೂ ತುಂಬಿದ ಲೋಟ ನೀರಿನೊಡನೆ, ವಾರಗಟ್ಟಲೆ ಸೇವಿಸಬೇಕು. ಎಲ್‌ಡಿಎಲ್ 160 ಇದ್ದವರಿಗೆ ಇದರಿಂದ 150ರ ಆಸುಪಾಸಿಗೆ ಇಳಿದೀತು, 100ಕ್ಕೆ ಇಳಿಯದು. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಇಸಬಗೋಲನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸಿದರೆ ಅದು ಆತ್ಮವಂಚನೆಯಾದೀತು.

ಕೆಲವರು ಇಸಬಗೋಲಿನಿಂದ ದೂರವಿರಬೇಕು. ಪಾರ್ಶ್ವವಾಯುವಿನಿಂದಲೋ ಕಂಪವಾತದಿಂದಲೋ ನುಂಗಲು ತೊಡಕಾಗಿರುವವರು, ಅನ್ನನಾಳ ಕಿರಿದಾಗಿರುವವರು, ಹೊಟ್ಟೆನೋವು ವಾಂತಿಗಳೊಡನೆ ಮಲ ನಿಂತಿರುವವರು ಇದನ್ನು ಮುಟ್ಟಬಾರದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿ ಬೇರೆ ದಾರಿ ಹಿಡಿಯಬೇಕು. ಅಷ್ಟು ನೀರು ಕುಡಿಯಲಾಗದವರಿಗೆ ಇದು ಔಷಧವೇ ಅಲ್ಲ. ಮಲದಲ್ಲಿ ರಕ್ತ ಕಂಡರೆ, ಇಳಿವಯಸ್ಸಿನಲ್ಲಿ ಹೊಸದಾಗಿ ಮಲಬದ್ಧತೆ ಆರಂಭವಾದರೆ, ಮೊದಲು ತಪಾಸಣೆಯಾಗಲಿ.

ಸೇವಿಸಿದ ಬಳಿಕ ಎದೆಯಲ್ಲಿ ನೋವು ಬಂದು, ನುಂಗಿದ್ದು ಹೊರಬಂದು, ಜೊಲ್ಲು ಸುರಿಯತೊಡಗಿದರೆ ಅನ್ನನಾಳ ಕಟ್ಟಿದೆಯೆಂದು ತಿಳಿಯಬೇಕು. ಆಗ ಅನ್ನದ ಉಂಡೆಯನ್ನಾಗಲಿ ಬಾಳೆಹಣ್ಣನ್ನಾಗಲಿ ನುಂಗಿಸಿ ತಳ್ಳಲು ನೋಡಬಾರದು, ಮೇಲಿಂದ ಮೇಲೆ ನೀರನ್ನೂ ಹೊಯ್ಯಬಾರದು. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಮಾತು ನಿಂತು ಉಸಿರೇ ಆಡದಿದ್ದರೆ ಸಿಕ್ಕಿರುವುದು ಶ್ವಾಸದ ದಾರಿಯಲ್ಲಿ. ಆಗ ವ್ಯಕ್ತಿಯನ್ನು ಮುಂದಕ್ಕೆ ಬಾಗಿಸಿ ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಗುದ್ದಬೇಕು. ಫಲಿಸದಿದ್ದರೆ ಹಿಂದೆ ನಿಂತು ಹೊಕ್ಕುಳಿನ ಮೇಲ್ಭಾಗವನ್ನು ಐದು ಬಾರಿ ಒಳಕ್ಕೂ ಮೇಲಕ್ಕೂ ಒತ್ತಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಕಟ್ಟಿಕೊಡುವ ಇಸಬಗೋಲಿಗೆ ಯಾವ ಸೂಚನೆಯೂ ಇರುವುದಿಲ್ಲ. ಡಬ್ಬಿಗಳ ಮೇಲೆ ಸೂಚನೆಯಿದ್ದರೂ ಅದು ಹಿರಿಯರ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ‘ತುಂಬಿದ ಲೋಟ ನೀರಿನೊಡನೆ ಸೇವಿಸಿ, ಕೂಡಲೇ ಮಲಗಬೇಡಿ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸುವಂತೆ ತಯಾರಕರಿಗೆ ಕಡ್ಡಾಯ ಮಾಡಬೇಕು. ಅದಾಗುವವರೆಗೆ, ಊರಿನಲ್ಲಿರುವ ತಂದೆತಾಯಿಗಳಿಗೆ ಡಬ್ಬಿಯನ್ನು ಕೊಂಡುಕೊಡುವ ಮಕ್ಕಳೇ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಲಿ. ಅದರ ಕೆಳಗೆ ಸೇವಿಸಬೇಕಾದ ಹೊತ್ತನ್ನೂ ಬರೆಯಲಿ.