ದೊಡ್ಡಮ್ಮನಿಗೆ ಟೈಪ್ ಮಾಡಬೇಡಿ, ಮಾತಾಡಿ ಕಳಿಸಿ

ಅಂಚೆಟ್ಟಿ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡ ಬಾಯಲ್ಲಿದೆ, ಬರಹದಲ್ಲಿ ಇಲ್ಲ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಹಿರಿಯರಲ್ಲಿ ಕೆಲವರಿಗೆ ಎರಡೂ ಓದಲು ಬರುವುದಿಲ್ಲ. ಹೊಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವ ನಾವು "ತುಂಬಾ ಧನ್ಯವಾದಗಳು ದೊಡ್ಡಮ್ಮ" ಎಂದು ಟೈಪ್ ಮಾಡಿ, ಕೈಮುಗಿದ ಚಿತ್ರ ಹಾಕಿ ಕಳಿಸುತ್ತೇವೆ. ಆ ಫೋನು ಮೊಮ್ಮಗನ ಕೈಗೆ ಹೋಗುತ್ತದೆ. ಅವನು ನೋಡಿ "ಥ್ಯಾಂಕ್ಸ್ ಅಂತೆ" ಎಂದು ವಾಪಸು ಕೊಡುತ್ತಾನೆ. ಅಲ್ಲಿಗೆ ಮುಗಿಯಿತು.

ಓದಲು ಬಂದರೂ ಇನ್ನೊಂದು ತೊಡಕಿದೆ. ಧನ್ಯವಾದ ಎಂಬುದು ವೇದಿಕೆಯ ಮಾತು. ಧರ್ಮಕೇಂದ್ರದ ಹಬ್ಬದ ಸಭೆಯಲ್ಲಿ ಮೈಕ್ ಹಿಡಿದು ಹೇಳಿದರೆ ಚೆನ್ನ. ಪಕ್ಕದ ಮನೆಯ ದೊಡ್ಡಮ್ಮನಿಗೆ ಹಾಗೆ ಯಾರು ಹೇಳುತ್ತಾರೆ? ಹೇಳಿದರೆ ನೆಂಟಸ್ತನ ಕಡಿದು ಲೆಕ್ಕ ಚುಕ್ತಾ ಮಾಡಿದಂತೆ ಕೇಳಿಸುತ್ತದೆ. ಬರೆಯಲು ಕೂತರೆ ಬೇರೆ ಪದ ಸಿಗುವುದಿಲ್ಲ, ಬಾಯಲ್ಲಿ ಆಡಿದರೆ ಆ ಪದವೇ ಬೇಡ. ಇಂಥವರಿಗೆ ವಾಯ್ಸ್ ಮೆಸೇಜೇ ಸರಿ ಎಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕೇ.

ಹಾಗಾದರೆ ಫೋನ್ ಮಾಡಿದರೆ ಸಾಲದೇ ಎಂದು ಕೇಳಬಹುದು. ಮಾಡಿ ನೋಡಿ. ನೀವು ಶುರು ಮಾಡುವ ಮೊದಲೇ "ಅಯ್ಯೋ ಬಿಡಪ್ಪ, ಅದೇನ್ ದೊಡ್ಡದು, ಊಟ ಆಯ್ತಾ?" ಎಂದು ಮಾತು ತಿರುಗಿಸುತ್ತಾರೆ. ನಮ್ಮ ಹಿರಿಯರಿಗೆ ಹೊಗಳಿಕೆ ಕೇಳಲು ನಾಚಿಕೆ. ವಾಯ್ಸ್ ಮೆಸೇಜನ್ನು ತಡೆಯಲಾಗುವುದಿಲ್ಲ. ಬೇಕಾದಾಗ ಮತ್ತೆ ಕೇಳಬಹುದು, ಸಂಜೆ ಮಗನಿಗೂ ಕೇಳಿಸಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಪಕ್ಕದ ಮನೆ ದೊಡ್ಡಮ್ಮ ನಿಮ್ಮ ಹಸು ನೋಡಿಕೊಂಡರು. ಕಳಿಸಬೇಕಾದದ್ದು ಸುಮಾರಾಗಿ ಹೀಗೆ:

"ದೊಡ್ಡಮ್ಮ, ನಾನು ಪಕ್ಕದ ಮನೆ ದೊಡ್ಡ ಹುಡುಗ, ಹೊಸೂರಿಂದ. ಅಮ್ಮ ಆಸ್ಪತ್ರೇಲಿದ್ದ ನಾಲ್ಕು ದಿನಾನೂ ಬೆಳಿಗ್ಗೆ ಸಂಜೆ ಬಂದು ಹಾಲು ಕರೆದು ಡೈರಿಗೆ ಹಾಕಿದ್ರಂತೆ. ಕರುಗೂ ಸಾಕಷ್ಟು ಬಿಟ್ಟು ಕರೀತಿದ್ರಿ ಅಂತ ಅಮ್ಮ ಹೇಳಿದ್ರು. ಹಸು ಯೋಚನೆ ಇಲ್ದೆ ರಾತ್ರಿಯೆಲ್ಲಾ ಅಮ್ಮನ ಹತ್ರಾನೇ ಇರೋಕಾಯ್ತು ನಂಗೆ. ಈಗ ಎದ್ದು ಓಡಾಡ್ತಿದಾರೆ, ನಿನ್ನೆ ಮುದ್ದೆ ಉಂಡ್ರು. ನೀವಿಲ್ದೆ ಇದ್ದಿದ್ರೆ ಕಷ್ಟ ಆಗ್ತಿತ್ತು ದೊಡ್ಡಮ್ಮ. ಭಾನುವಾರ ಪೂಜೆ ಮುಗಿಸ್ಕೊಂಡು ಮನೆಗೆ ಬರ್ತೀನಿ."

ಮೊದಲು ನೀವು ಯಾರು ಎಂದು ಹೇಳಿ. ಮನೆಯವರೆಲ್ಲ ಬಳಸುವ ಫೋನಿನಲ್ಲಿ ನಿಮ್ಮ ನಂಬರಿಗೆ ಹೆಸರು ಇಲ್ಲದಿರಬಹುದು. ಆಮೇಲೆ ಅವರು ಮಾಡಿದ್ದನ್ನು ಹೇಳಿ, ಬರೀ "ಸಹಾಯ" ಎನ್ನಬೇಡಿ. ಕರುವಿನ ಮಾತೇ ಇಲ್ಲಿ ಜೀವ: ಅವರು ಯಾರೂ ನೋಡಿಲ್ಲ ಎಂದುಕೊಂಡಿದ್ದು ಅದು. ಮೂರನೆಯದು, ಅದರಿಂದ ನಿಮಗೆ ಏನು ಸಾಧ್ಯವಾಯಿತು ಎಂಬುದು. ಕೊನೆಗೆ ಒಂದು ಸಮಾಚಾರ, ಅಷ್ಟೇ. "ಹಾಗೇ ಇನ್ನೊಂದು ವಿಷಯ, ಮುಂದಿನ ವಾರಾನೂ ಹಸು..." ಎಂದು ಸೇರಿಸಿದಿರೋ, ಮೇಲಿನದೆಲ್ಲ ಪೀಠಿಕೆಯಾಗಿಬಿಡುತ್ತದೆ. ಕೇಳಬೇಕಾದ್ದನ್ನು ಇನ್ನೊಂದು ದಿನ ಕೇಳಿ.

ಇಷ್ಟನ್ನೂ ಬರೆದುಕೊಂಡು ಓದಬೇಡಿ. ಓದುವ ದನಿ ವಾಚನ ಮಾಡಿದಂತೆ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಚೀಟಿಯಲ್ಲಿ "ಯಾರು, ಹಾಲು–ಕರು, ರಾತ್ರಿ, ಮುದ್ದೆ, ಭಾನುವಾರ" ಎಂದು ಗುರುತು ಹಾಕಿಕೊಂಡು, ಒಮ್ಮೆ ಜೋರಾಗಿ ಹೇಳಿ ನೋಡಿ. ನಡುವೆ ತಮಿಳು, ತೆಲುಗು ಪದ ಬಂದರೆ ಬರಲಿ, ನಮ್ಮ ಮಾತೇ ಹಾಗೆ. ಒಂದು ನಿಮಿಷ ದಾಟಿದರೆ ಏನೋ ಹೆಚ್ಚಾಗಿದೆ.

ಬೈಕ್ ಮೇಲೆ, ಬಸ್ಸಿನಲ್ಲಿ ಬೇಡ. ಗಾಳಿಯೂ ಫ್ಯಾನೂ ಮಾತನ್ನು ನುಂಗುತ್ತವೆ. ಫೋನು ಬಾಯಿಂದ ಒಂದು ಗೇಣು ದೂರ ಇರಲಿ. ವಾಟ್ಸಾಪ್‌ನಲ್ಲಿ ಮೈಕ್ ಒತ್ತಿ ಮೇಲಕ್ಕೆ ಸರಿಸಿದರೆ ಲಾಕ್ ಆಗುತ್ತದೆ, ಬೆರಳು ತೆಗೆಯಬಹುದು. ಒಂದು ಉಸಿರು ಬಿಟ್ಟು ಶುರು ಮಾಡಿ, ಇಲ್ಲದಿದ್ದರೆ "ದೊಡ್ಡಮ್ಮ" ಎಂಬುದರಲ್ಲಿ "ದೊ" ಹಾರಿಹೋಗುತ್ತದೆ. ಮುಗಿದ ಮೇಲೆ ನಿಲ್ಲಿಸಿ, ಕಳಿಸುವ ಮೊದಲೇ ಕೇಳಿ ನೋಡಬಹುದು. ಸ್ವಲ್ಪ ತಡವರಿಸಿದ್ದರೆ ಬಿಡಿ. ಮಾತೇ ಕೇಳಿಸದಿದ್ದರೆ ಮಾತ್ರ ಅಳಿಸಿ ಮತ್ತೆ ಹೇಳಿ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ಕಿವಿ ಮಂದವಾದವರಿಗೆ ಮನೆಗೇ ಹೋಗಿ. ಯಾರಾದರೂ ಹಣ ಕೊಟ್ಟಿದ್ದರೆ ಮೊತ್ತವನ್ನೂ ತಲುಪಿದ ದಿನವನ್ನೂ ಟೈಪ್ ಮಾಡಿ, ನಾಳೆ ಹುಡುಕಿದರೆ ಸಿಗುವುದು ಅದೇ. ಮಾತು ಬೇರೆಯಾಗಿ ಕಳಿಸಿ. ಯುವಜನರ ಗ್ರೂಪಿಗಂತೂ ಇದನ್ನು ಹಾಕಬೇಡಿ. ದೊಡ್ಡಮ್ಮನಿಗೆ ಹೇಳಿದ್ದು ದೊಡ್ಡಮ್ಮನದು.

ಕಳಿಸಿದ ಮೇಲೆ ಮೈಕ್ ಗುರುತು ನೀಲಿಯಾದರೆ ಆ ಕಡೆ ಕೇಳಿದ್ದಾರೆ ಎಂದರ್ಥ. ಎರಡು ದಿನವಾದರೂ ಆಗದಿದ್ದರೆ, ಎಲ್ಲಿ ಒತ್ತಬೇಕು ಎಂದು ಅವರಿಗೆ ತಿಳಿದಿಲ್ಲವೇನೋ. ಆಗ ಮೊಮ್ಮಗನಿಗೆ ಫೋನ್ ಮಾಡಿ, ಹಾಕಿ ಕೇಳಿಸಲು ಹೇಳಿ.